ಶೇ. 99ರ ಹೊಗೆಸೊಪ್ಪು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಹೊಗೆಸೊಪ್ಪನ್ನು ಬುಡದಿಂದ ಮೇಲಕ್ಕೆ, ಮಾಗಿದ ಎಲೆ ಎರಡು ಮೂರರಂತೆ ಮುರಿಯುತ್ತಾರೆ. ಯಾವುದು ಮಾಗಿದೆ ಎಂದು ಕೂಲಿ ಹೆಂಗಸರು ನಡೆಯುತ್ತಲೇ ಹೇಳಿಬಿಡುತ್ತಾರೆ. ಅದನ್ನೇ ಕಂಪ್ಯೂಟರಿಗೆ ಕಲಿಸಿ ಪಿಎಚ್.ಡಿ. ಗಿಟ್ಟಿಸಲು ಹೊರಟವನು ನಾನು. ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್. ಗುರು ಮತ್ತು ಸಂಗಡಿಗರು ಇದರ ಬಗ್ಗೆ ಆಗಲೇ ಪ್ರಬಂಧ ಬರೆದಿದ್ದರು. ಅವರನ್ನು ಹಿಂದೆ ಹಾಕಬೇಕೆಂಬ ಗುಟ್ಟಿನ ಆಸೆ ಬೇರೆ.

ಹುಣಸೂರಿನ ಹೊಲವೊಂದರಲ್ಲಿ 100 ಎಲೆ ಆರಿಸಿದೆ. ಸಂಖ್ಯೆ ಬಡವಾಗಿ ಕಂಡದ್ದರಿಂದ ಒಂದೊಂದಕ್ಕೂ ಬಿಸಿಲಲ್ಲಿ, ನೆರಳಲ್ಲಿ, ಬಗ್ಗಿ, ಕೂತು ಐದೈದು ಫೋಟೊ ತೆಗೆದೆ. 500 ಆಯಿತು! ಅವನ್ನು ಕಲಸಿ ಐದು ಪಾಲು ಮಾಡಿ, ನಾಲ್ಕು ಪಾಲಿನಲ್ಲಿ ಕಲಿಸಿ ಉಳಿದ ಒಂದರಲ್ಲಿ ಪರೀಕ್ಷಿಸುವುದು, ಹೀಗೆ ಸರದಿಯಂತೆ ಐದೂ ಪಾಲಿಗೆ. ಇದೇ ಕ್ರಾಸ್ ವ್ಯಾಲಿಡೇಷನ್. ಆಕ್ಯುರಸಿ ಶೇ. 99 ಬಂತು. ಮನೆಗೆ ಮೈಸೂರು ಪಾಕ್ ತಂದೆ.

ಮಾರ್ಗದರ್ಶಕಿ ಕೇಳಿದ್ದು ಒಂದೇ ಮಾತು: “ಒಂದು ಎಲೆಯ ಐದೂ ಫೋಟೊ ಒಂದೇ ಪಾಲಿಗೆ ಬಿದ್ದಿವೆ ತಾನೆ?”

ಬಿದ್ದಿರಲಿಲ್ಲ. ಕಲಿಕೆಯಲ್ಲಿ ಕಂಡ ಎಲೆಯೇ ಪರೀಕ್ಷೆಗೂ ಬಂದಿತ್ತು. ಕಂಪ್ಯೂಟರು ಮಾಗಿದ್ದನ್ನು ಕಲಿಯುವ ಗೋಜಿಗೇ ಹೋಗದೆ, ಹುಳು ಕೊರೆದ ತೂತು ನೋಡಿ ಹಳೇ ಪರಿಚಯ ಹೇಳಿಕೊಳ್ಳುತ್ತಿತ್ತು. `StratifiedGroupKFold` ಬಳಸಿ ಒಂದು ಎಲೆಯ ಫೋಟೊಗಳನ್ನೆಲ್ಲ ಒಂದೇ ಪಾಲಿಗೆ ಕಟ್ಟಿದೆ. 94ಕ್ಕೆ ಇಳಿಯಿತು.

94 ಏನು ಕಮ್ಮಿಯೇ ಎಂದು ಬೀಗಿದೆ. ಆದರೆ 500ರಲ್ಲಿ ಮಾಗಿದವು ಬರೀ 50. ಕಣ್ಣು ಮುಚ್ಚಿ ಎಲ್ಲಕ್ಕೂ ‘ಮಾಗಿಲ್ಲ’ ಎಂದರೂ ಶೇ. 90 ಖಾತ್ರಿ. ಆ ಅಂಕ ಹೊಲದ ಬೆದರುಬೊಂಬೆಗೂ ಸಿಗುತ್ತದೆ. ಕೊನೆಗೆ ಐದೂ ಪಾಲಿನ ಫಲಿತಾಂಶ ಕೂಡಿಸಿ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ ಬರೆದೆ: ಮಾಗಿದ 50ರಲ್ಲಿ 30 ಸಿಕ್ಕಿವೆ, 20 ತಪ್ಪಿವೆ, ಮಾಗದ 450ರಲ್ಲಿ 440 ಸರಿ, 10 ತಪ್ಪು.

ಹೊಲದ ಯಜಮಾನರಿಗೆ ಹಾಳೆ ತೋರಿಸಿದೆ.

“ಈ 10 ಏನ್ ಸಾ?”

“ಮಾಗದ್ದನ್ನು ಮಾಗಿದೆ ಅಂದದ್ದು.”

“ಬ್ಯಾರನ್ನಲ್ಲಿ ಹಸ್ರಾಗೇ ಉಳ್ಕತವೆ. ಹರಾಜಲ್ಲಿ ಯಾರ್ ಸಾ ರೇಟ್ ಕೊಡ್ತಾರೆ? ಈ 20?”

“ಮಾಗಿದ್ದರೂ ಗಿಡದಲ್ಲೇ ಬಿಟ್ಟದ್ದು.”

“ಮುಂದಿನ್ ಸಲ ಮುರೀಬೋದು. ತಡ ಆದ್ರೆ ತೂಕ ಹೋಯ್ತದೆ ಅಷ್ಟೆ.”

ಅವರಿಗೆ ಗೊತ್ತಿಲ್ಲದೆಯೇ ಪ್ರಿಸಿಷನ್, ರಿಕಾಲ್ ಎರಡಕ್ಕೂ ಬೆಲೆ ಕಟ್ಟಿದ್ದರು. ಯಂತ್ರ ‘ಮಾಗಿದೆ’ ಎಂದ 40ರಲ್ಲಿ 30 ನಿಜ, ಪ್ರಿಸಿಷನ್ ಶೇ. 75. ನಿಜಕ್ಕೂ ಮಾಗಿದ 50ರಲ್ಲಿ 30 ಕೈಗೆ ಬಂದವು, ರಿಕಾಲ್ ಶೇ. 60. ಆ 50 ಫೋಟೊ ಅಸಲಿಗೆ 10 ಎಲೆ, ಪಾಲಿಗೆ ಎರಡೇ ಎರಡು. ಒಂದು ಎಲೆ ಎಡವಿದರೂ ಆ ಪಾಲಿನ ರಿಕಾಲ್ ಅರ್ಧಕ್ಕೆ ಕುಸಿಯುತ್ತದೆ. ಹಾಗಾಗಿ ಸರಾಸರಿಯ ಪಕ್ಕದಲ್ಲಿ ಪಾಲುಪಾಲಿನ ಏರಿಳಿತವನ್ನೂ ಅಚ್ಚು ಹಾಕಿಸಿದೆ. ನೋಡಲು ನಾಚಿಕೆಯಾಗುವಂತಿತ್ತು.

ಮುಂದೆ ಯಾರಾದರೂ ಶೇ. 99 ಎಂದು ಎದೆ ತಟ್ಟಿಕೊಂಡರೆ, ಫೋಟೊ ಎಷ್ಟು ಎಂದು ಕೇಳಬೇಡಿ. ಎಲೆ ಎಷ್ಟು ಎಂದು ಕೇಳಿ.