ಮೂರು ಕಾರ್ಡ್, ಆರು ಪೆಟ್ಟು, ಎರಡು ಹುಸಿ

ಮನೆಗೆ ಗಿಟಾರ್ ಬಂದ ಮೊದಲ ವಾರ ಇಡೀ ಸಂಸಾರಕ್ಕೆ ಎಡಗೈಯದೇ ಚಿಂತೆ. ತಂತಿ ಒತ್ತಿ ಒತ್ತಿ ಬೆರಳ ತುದಿ ಕೆಂಪಾಗಿದೆ, ಎಣ್ಣೆ ಹಚ್ಚಲೋ ಐಸ್ ಇಡಲೋ ಎಂದು ಅಮ್ಮಂದಿರ ಓಡಾಟ. ಬೆರಳು ಉರಿಯುತ್ತೆ ಎಂಬ ನೆಪದಲ್ಲಿ ಕಲಿಯುವ ಮಹಾಶಯ ತಟ್ಟೆ ತೊಳೆಯುವುದನ್ನೂ ಬಿಟ್ಟಿರುತ್ತಾನೆ. ಪಾಪದ ಬಲಗೈಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ತಂತಿಯ ಮೇಲೆ ಮೇಲಿಂದ ಕೆಳಕ್ಕೆ ಎಳೆಯುವುದು ತಾನೇ, ಅದರಲ್ಲೇನಿದೆ ಕಲಿಯೋದು ಅನ್ನುವ ಧೈರ್ಯ. ಆಮೇಲೆ ಹಾಡು ಹಾಡಿನಂತೆ ಕೇಳದಿದ್ದಾಗ ಗಿಟಾರಿನ ಕಂಪನಿಯನ್ನು ಬೈಯುತ್ತಾರೆ.

ನಮ್ಮ ಅಕ್ಕನ ಮಗನೂ ಇದೇ ಪಂಗಡದವನು. ಜಿ, ಸಿ, ಡಿ ಮೂರೂ ಕಾರ್ಡ್ ಕಲಿತಿದ್ದಾನೆ. ಆರಿಸಿಕೊಂಡ ಹಾಡೂ ಒಳ್ಳೆಯದೇ: ಜಾನ್ ಡೆನ್ವರ್ 1966ರಲ್ಲಿ ಬರೆದ ‘ಲೀವಿಂಗ್ ಆನ್ ಎ ಜೆಟ್ ಪ್ಲೇನ್’. ಈ ಮೂರೇ ಕಾರ್ಡಿನಲ್ಲಿ ಇಡೀ ಹಾಡು ಮುಗಿಯುತ್ತದೆ. ಸ್ಟ್ರಮ್ಮಿಂಗ್ ಪ್ಯಾಟರ್ನ್ ಯಾವುದಪ್ಪಾ ಅಂದರೆ, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ: “ಡೌನ್, ಡೌನ್, ಅಪ್, ಅಪ್, ಡೌನ್, ಅಪ್. ಪಕ್ಕಾ ಬಾಯಿಪಾಠ ಮಾಮ!”

ಬಾಯಿಪಾಠವೇನೋ ಪಕ್ಕಾ. ನುಡಿಸಿದಾಗ ಆರೂ ಪೆಟ್ಟು ರೇಷನ್ ಕ್ಯೂನಲ್ಲಿ ನಿಂತಂತೆ ಸಮನಾದ ಅಂತರದಲ್ಲಿ ಒಂದರ ಹಿಂದೆ ಒಂದು ಬಂದವು. ನಾಲ್ಕು ಎಣಿಕೆಯ ಹಾಡಿಗೆ ಮೂರು ಎಣಿಕೆಯ ತಾಳ! ಅವನು ಹಾಡುವ ಸಾಲಿನ ಮೊದಲ ಪದ ಒಂದು ಕಡೆ, ಕಾರ್ಡ್ ಇನ್ನೊಂದು ಕಡೆ. “ವಿಮಾನ ಹೊರಟೇಹೋಯಿತಲ್ಲೋ, ನೀನಿನ್ನೂ ಚೆಕ್‌ಇನ್‌ನಲ್ಲಿ ನಿಂತಿದ್ದೀಯ” ಅಂದೆ. ಅವನಿಗೆ ಸಿಟ್ಟು ಬಂತು.

ಆ ಮಂತ್ರದಲ್ಲಿ ಸದ್ದು ಮಾಡುವ ಆರು ಪೆಟ್ಟು ಮಾತ್ರ ಇವೆ. ಕೈ ಮಾಡಬೇಕಾದ ಚಲನೆ ಎಂಟು. ಉಳಿದ ಎರಡು ಸಲ ಕೈ ಹೋಗುತ್ತದೆ, ತಂತಿ ಮುಟ್ಟುವುದಿಲ್ಲ. ಆದಿತಾಳ ಹಾಕಿದವರಿಗೆ ಇದು ಹೊಸದಲ್ಲ. ದ್ರುತದಲ್ಲಿ ಒಂದು ಪೆಟ್ಟು ಹಾಕಿ, ಆಮೇಲೆ ಅಂಗೈ ಮೇಲಾಗಿ ತಿರುಗಿಸುತ್ತೇವಲ್ಲ, ಅದು ಹುಸಿ. ಸದ್ದಿಲ್ಲ, ಆದರೆ ಲೆಕ್ಕಕ್ಕಿದೆ. ಹುಸಿಯನ್ನು ನುಂಗಿದರೆ ಮೇಷ್ಟ್ರು ಬಿಡುತ್ತಿದ್ದರೇ? ಗಿಟಾರಿನವರು ಅದನ್ನೇ ನುಂಗಿ, ತಾಳ ಕೂರುತ್ತಿಲ್ಲ ಎನ್ನುತ್ತಾರೆ.

ಎಣಿಸುವುದಕ್ಕೆ ಕ್ಲಾಸಿನಲ್ಲಿ ‘ಒನ್ ಆ್ಯಂಡ್ ಟೂ ಆ್ಯಂಡ್’ ಹೇಳಿಕೊಡುತ್ತಾರೆ. ನಮಗೆ ಆ ಆ್ಯಂಡಿನ ಹಂಗೇ ಬೇಡ. ಆಡುಮಾತಿನಲ್ಲಿ ನಮ್ಮ ಅಂಕಿಗಳು ಎರಡೆರಡು ತುಂಡಾಗಿಯೇ ಬರುತ್ತವೆ: ಒಂ-ದು, ಎರ್-ಡು, ಮೂ-ರು, ನಾಲ್-ಕು. ಮೊದಲ ತುಂಡಿಗೆ ಕೈ ಕೆಳಕ್ಕೆ, ಎರಡನೆಯದಕ್ಕೆ ಮೇಲಕ್ಕೆ. ಇದು ಎಂದೂ ತಪ್ಪಕೂಡದು. ಈಗ ‘ದು’ ಬಂದಾಗಲೂ ‘ಮೂ’ ಬಂದಾಗಲೂ ತಂತಿ ಮುಟ್ಟದೆ ಕೈಯನ್ನು ಗಾಳಿಯಲ್ಲೇ ಸಾಗಿಸಿ. ಮಿಕ್ಕ ಆರಕ್ಕೂ ಬಾರಿಸಿ. ಅಷ್ಟೇ, ಅದೇ ಡೌನ್-ಡೌನ್-ಅಪ್-ಅಪ್-ಡೌನ್-ಅಪ್ ತನ್ನ ಜಾಗದಲ್ಲಿ ತಾನೇ ಬಂದು ಕೂರುತ್ತದೆ.

ಎಲ್ಲರೂ ಮುಗ್ಗರಿಸುವುದು ‘ಮೂ’ದಲ್ಲಿ. ‘ಡು’ಗೆ ಮೇಲೆ ಹೋದ ಕೈ ಅಲ್ಲೇ ನಿಂತುಬಿಡುತ್ತದೆ, ಮುಂದಿನದೂ ಅಪ್ ತಾನೇ ಅಂತ. ಅಲ್ಲಯ್ಯ, ಎರಡನೆಯ ಸಲ ಮೇಲಕ್ಕೆ ಹೋಗಬೇಕಾದರೆ ಮಧ್ಯೆ ಒಮ್ಮೆ ಕೆಳಗಿಳಿಯಲೇಬೇಕಲ್ಲ! ನಿಂತ ಕೈ ಕೊನೇ ಗಳಿಗೆಯಲ್ಲಿ ಕಳ್ಳನ ಹಾಗೆ ಸರಕ್ಕನೆ ಇಳಿದು ಏರುತ್ತದೆ. ಆಗ ‘ರು’ ಒಂದೋ ಅವಸರಕ್ಕೆ ಬೀಳುತ್ತದೆ, ಇಲ್ಲವೇ ತಡವಾಗುತ್ತದೆ. ಇದನ್ನು ಹಿಡಿಯಲು ಸುಲಭದ ಉಪಾಯವಿದೆ. ಬಲಗೈಯ ವಿಡಿಯೋ ಮಾಡಿಕೊಂಡು ಸದ್ದು ತೆಗೆದು ನೋಡಿ. ಯಾವ ಪೆಟ್ಟು ನಿಜ, ಯಾವುದು ಹುಸಿ ಎಂದು ಕಣ್ಣಿಗೆ ಗೊತ್ತಾಗಬಾರದು. ಗೊತ್ತಾದರೆ ಕೈ ಎಲ್ಲೋ ನಿಂತಿದೆ ಅಂತಲೇ ಅರ್ಥ.

ಅಕ್ಕನ ಮಗನಿಗೆ ಮೊದಲು ಕಾರ್ಡ್ ಹಿಡಿಯುವುದನ್ನೇ ಬಿಡಿಸಿದೆ. ಎಡಗೈ ಬೆರಳುಗಳನ್ನು ತಂತಿಯ ಮೇಲೆ ಸುಮ್ಮನೆ ಮಲಗಿಸಿದರೆ ಸ್ವರ ಬರುವುದಿಲ್ಲ, ‘ಚಕ್ ಚಕ್’ ಅನ್ನುತ್ತದೆ. ಮೆಟ್ರೋನೋಮ್ 60ಕ್ಕೆ ಇಟ್ಟು, ಟಿಕ್ಕಿಗೊಂದು ಅಂಕಿಯಂತೆ, ಬರೀ ಚಕ್ ಚಕ್. “ಇದೇನು ಮಾಮ, ಗಿಟಾರೋ ಈಳಿಗೆಮಣೆಯೋ?” ಎಂದು ಗೊಣಗಿದ. ಅಕ್ಕ ಒಳಗಿನಿಂದ, “ಈಳಿಗೆಮಣೆ ಆಗಿದ್ದರೆ ಹುರುಳಿಕಾಯಾದರೂ ಹೆಚ್ಚಿಕೊಡ್ತಿದ್ದ” ಅಂದಳು. ಚಕ್ ಚಕ್ ತಾನಾಗಿ ಓಡತೊಡಗಿದ ಮೇಲೆ ಕಾರ್ಡಿಗೆ ಬಂದೆವು.

ಈ ಹಾಡಿನ ಲೆಕ್ಕ ಸರಳ. ಒಂದು ಸುತ್ತು ಜಿ, ಒಂದು ಸುತ್ತು ಸಿ. ಈ ಜೋಡಿ ಮೂರು ಸಲ. ಆಮೇಲೆ ಎರಡು ಸುತ್ತು ಡಿ. ಸುತ್ತು ಅಂದರೆ ಒಂದರಿಂದ ನಾಲ್ಕು. ಬಲಗೈ ಚೆನ್ನಾಗಿ ಓಡುತ್ತಿತ್ತು, ಜಿಯಿಂದ ಸಿಗೆ ಹೋಗುವಾಗ ಮಾತ್ರ ಎಡಗೈ ವಿಳಾಸ ಹುಡುಕುತ್ತಾ ನಿಂತಿತು, ಬಲಗೈಯೂ ಮರ್ಯಾದೆಗೆಂದು ಕಾದು ನಿಂತಿತು. ಈ ಮರ್ಯಾದೆ ಬೇಕಿಲ್ಲ. ಎಡಗೈ ಕಾರ್ಡ್ ತಲುಪದಿದ್ದರೂ ಬಲಗೈ ನಿಲ್ಲಬಾರದು. ಕೇಳುವವರು ಮಬ್ಬಾದ ಕಾರ್ಡನ್ನು ಕ್ಷಮಿಸುತ್ತಾರೆ, ಮುರಿದ ತಾಳವನ್ನು ಕ್ಷಮಿಸುವುದಿಲ್ಲ.

ಇಲ್ಲೊಂದು ಅನುಭವಸ್ಥರ ಕಳ್ಳಾಟವೂ ಇದೆ. ನಾಲ್ಕನೆಯ ಅಂಕಿಯ ಕೊನೆಯ ‘ಕು’ ಬರುವಷ್ಟರಲ್ಲಿ ಎಡಗೈಯನ್ನು ಎತ್ತಿಬಿಡಿ. ಆ ಒಂದು ಅಪ್ ಖಾಲಿ ತಂತಿಗಳ ಮೇಲೆಯೇ ಬೀಳಲಿ. ಅಷ್ಟರಲ್ಲಿ ಬೆರಳುಗಳು ಮುಂದಿನ ಕಾರ್ಡಿಗೆ ಹಾರಿ, ‘ಒಂ’ ಹೊತ್ತಿಗೆ ಸರಿಯಾಗಿ ಕೂತಿರುತ್ತವೆ. ಖಾಲಿ ಬಿಟ್ಟಾಗ ಕೆಳಗಿನ ಮೂರು ತೆಳು ತಂತಿಗಳ ಸ್ವರ ಜಿ, ಬಿ, ಇ. ಜಿಯಿಂದ ಸಿಗೆ ದಾಟುವಾಗ ಅವು ಕಿವಿಗೆ ಚುಚ್ಚುವುದೇ ಇಲ್ಲ. ಡಿ ಹತ್ತಿರ ಸ್ವಲ್ಪ ಪರಕೀಯ ಎನಿಸಿದರೂ ಅರ್ಧ ಎಣಿಕೆಯಲ್ಲಿ ಮಾಯ. ರೆಕಾರ್ಡು ಮಾಡಿದ ದೊಡ್ಡ ದೊಡ್ಡವರ ಗಿಟಾರಿನಲ್ಲೂ ಕಿವಿಗೊಟ್ಟರೆ ಇದು ಕೇಳಿಸುತ್ತದೆ.

ಇನ್ನೊಂದು ಅತ್ಯುತ್ಸಾಹ ಎಂದರೆ, ಪ್ರತಿ ಪೆಟ್ಟಿಗೂ ಆರೂ ತಂತಿ ಬಾರಿಸುವುದು. ದುಡ್ಡು ಕೊಟ್ಟಿದ್ದೇವಲ್ಲ, ಎಲ್ಲವೂ ಮೊಳಗಲಿ ಅಂತ! ಜಿ ಕಾರ್ಡಿಗೆ ಆರೂ ಸರಿ. ಸಿಗೆ ಮೇಲಿನ ದಪ್ಪ ತಂತಿ ಬಿಟ್ಟು ಐದು, ಡಿಗೆ ಮೇಲಿನ ಎರಡನ್ನೂ ಬಿಟ್ಟು ನಾಲ್ಕು. ಡಿಯಲ್ಲಿ ಆ ದಪ್ಪ ತಂತಿ ಗುಂಯ್ ಎಂದರೆ ಇಡೀ ಕಾರ್ಡ್ ಕೆಸರಾಗುತ್ತದೆ. ಇದೆಲ್ಲ ಕೆಳಮುಖದ ಪೆಟ್ಟಿನ ಮಾತು. ಮೇಲ್ಮುಖದ ಪೆಟ್ಟಿಗೆ ಕೆಳಗಿನ ಮೂರು ತೆಳು ತಂತಿ ಸವರಿದರೆ ಸಾಕು. ಆರನ್ನೂ ಮೇಲಕ್ಕೆ ಗೀರಲು ಹೋದಾಗಲೇ ಪಿಕ್ ಸಿಕ್ಕಿಕೊಂಡು ಕೈಯಿಂದ ಹಾರಿ ಗಿಟಾರಿನ ಹೊಟ್ಟೆಯೊಳಗೆ ಬೀಳುವುದು. ಆಮೇಲೆ ಇಡೀ ವಾದ್ಯವನ್ನು ತಲೆಕೆಳಗು ಮಾಡಿ ಅಲ್ಲಾಡಿಸುವ ಕಾರ್ಯಕ್ರಮ. ಪಿಕ್ ತೆಳ್ಳಗಿರಲಿ, ಅರ್ಧ ಮಿಲಿಮೀಟರಿನ ಆಸುಪಾಸು. ಬಿಗಿಯಾಗಿ ಹಿಡಿಯಬೇಡಿ. ಮೊಣಕೈ ಹೆಚ್ಚು ಕುಣಿಯದೆ ಮಣಿಕಟ್ಟು ತಿರುಗಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಪ್ಯಾಟರ್ನ್ ಕೈಗೆ ಹತ್ತಿದ ಮೇಲೆ ಮನುಷ್ಯ ಕಂಡಕಂಡ ಹಾಡಿಗೆಲ್ಲ ಇದನ್ನೇ ಹಚ್ಚುತ್ತಾನೆ. ಮೊದಲ ಬಲಿ ‘ಹ್ಯಾಪಿ ಬರ್ತ್‌ಡೇ’. ಅದೂ ಮೂರೇ ಕಾರ್ಡಿನ ಹಾಡು, ನಿಜ. ಆದರೆ ಎಣಿಕೆ ಮೂರರದ್ದು, ನಾಲ್ಕು ಹಾಕಿದರೆ ಕೇಕು ಕತ್ತರಿಸುವವರೇ ದಾರಿ ತಪ್ಪುತ್ತಾರೆ. ಅದಕ್ಕೆ ಒಂ, ಎರ್-ಡು, ಮೂ-ರು ಬಾರಿಸಿ. ‘ದು’ ಒಂದೇ ಹುಸಿ. ಸುತ್ತಿನ ‘ಒಂ’ ಬೀಳಬೇಕಾದ್ದು ‘ಬರ್ತ್’ ಮೇಲೆ, ‘ಹ್ಯಾಪಿ’ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ಆದ್ದರಿಂದ ಮುಂದಿನ ಹುಟ್ಟುಹಬ್ಬಕ್ಕೆ ಗಿಟಾರ್ ಹೊತ್ತು ಹೋಗುವವರು ದಯವಿಟ್ಟು ‘ಹ್ಯಾಪಿ’ಗೆ ಕೈ ಹಾಕದೆ, ‘ಬರ್ತ್’ ಬರುವವರೆಗೆ ಕಾಯಿರಿ.