ಮದುಮಗನ ಹಿಮ್ಮಡಿ

ಹೊಸ ಶೂ ಹಾಕಿಕೊಂಡವರನ್ನು ಗುರುತಿಸಲು ಅವರ ಕಾಲು ನೋಡಬೇಕಾಗಿಲ್ಲ, ಮುಖ ನೋಡಿದರೆ ಸಾಕು. ಛತ್ರದ ಮೆಟ್ಟಿಲು ಇಳಿಯುವಾಗ ಅವರ ನಗು ಮೆಟ್ಟಿಲಿಗೊಮ್ಮೆ ನಿಂತು ನಿಂತು ಬರುತ್ತದೆ. ‘ಚೆನ್ನಾಗಿದ್ದೀರಾ?’ ಎಂದು ಕೇಳಿದರೆ ‘ಹೂಂ’ ಎನ್ನುವುದಕ್ಕೂ ಅರೆಕ್ಷಣ ತಡ. ಕುರ್ಚಿಯೊಂದು ಸಿಕ್ಕಿದರೆ ಸಾಕು, ಕೂತು, ಅಕ್ಕಪಕ್ಕ ನೋಡಿ, ಹಿಮ್ಮಡಿಯನ್ನು ಮೆಲ್ಲನೆ ಶೂವಿನಿಂದ ಮೇಲೆಳೆದು ಉಸಿರು ಬಿಡುತ್ತಾರೆ. ಆಮೇಲೆ ಊಟದ ಪಂಕ್ತಿಯಲ್ಲಿ ಪಕ್ಕದವರ ಕಿವಿಯಲ್ಲಿ ದೂರು: ‘ಶೂ ಕಚ್ತಾ ಇದೆ ಕಣ್ರೀ.’

ನಮ್ಮ ಅಕ್ಕನ ಮಗನಿಗೆ ಈಗ ಮದುವೆ ಗೊತ್ತಾಗಿದೆ. ಆರತಕ್ಷತೆಗೆ ಇನ್ನು ಮೂರು ವಾರ. ಕಪ್ಪು ಚರ್ಮದ ಆಕ್ಸ್‌ಫರ್ಡ್ ಶೂ ಕೊಂಡು ತಂದಿದ್ದಾನೆ, ಮುಖ ಕಾಣುವಷ್ಟು ಹೊಳಪು. ಅವನ ಯೋಜನೆ ಸರಳ: ಆ ದಿನದ ತನಕ ಡಬ್ಬಿ ತೆಗೆಯುವುದೇ ಇಲ್ಲ, ಹೊಸದು ಹೊಸದಾಗಿಯೇ ಇರಲಿ. ಅಂದರೆ ವೇದಿಕೆಯ ಮೇಲೆ ನಾಲ್ಕು ಗಂಟೆ ನಿಲ್ಲಬೇಕಾದ ದಿನವೇ ಇವನ ಕಾಲಿಗೂ ಆ ಶೂವಿಗೂ ಮೊದಲ ಪರಿಚಯ. ಹುಡುಗಿಯನ್ನಾದರೂ ಮುಂಚೆ ಹತ್ತು ಸಲ ಕಾಫಿಗೆ ಕರೆದುಕೊಂಡು ಹೋಗಿದ್ದಾನೆ. ಶೂವಿಗೆ ಮಾತ್ರ ಹಳೇ ಕಾಲದ ಪದ್ಧತಿ.

ಮನೆಯಲ್ಲಿ ಸಲಹೆಗೇನು ಬರವೆ? ಅಜ್ಜಿ ಹೇಳಿದ್ದು, ಒಳಗೆಲ್ಲ ಕೊಬ್ಬರಿ ಎಣ್ಣೆ ಸವರಿಡು. ತಂಗಿ ಹೇಳಿದ್ದು, ದಪ್ಪ ಸಾಕ್ಸು ಹಾಕಿಕೊಂಡು ಹೇರ್ ಡ್ರೈಯರ್ ಹಿಡಿ. ಗೆಳೆಯನೊಬ್ಬ ಇನ್ನೂ ಮುಂದೆ ಹೋಗಿ, ಶೂವಿನೊಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ತುರುಕಿ ಫ್ರೀಜರ್‌ನಲ್ಲಿಡು ಎಂದ. ಅಕ್ಕ ಹೌಹಾರಿದಳು: ‘ಹಸಿ ಬಟಾಣಿ ಇಟ್ಟಿರೋ ಕಡೆ ಶೂನಾ?’

‘ಮಾವ, ನೀವು ಹೇಳಿ’ ಎಂದ. ನಾನು ಶೂ ಮುಟ್ಟಲಿಲ್ಲ. ‘ಎಡಗೈ ಮುಂದೆ ಚಾಚು. ಮುಂಗೈ ಮೇಲೆ ಬಲಗೈ ಬೆರಳೊಂದನ್ನು ಒತ್ತು. ಬೆರಳು ಜಾರಬಾರದು, ಒತ್ತಿದ ಹಾಗೇ ಹಿಂದೆ ಮುಂದೆ ತಳ್ಳು. ಏನು ಕಾಣ್ತು?’

‘ಚರ್ಮ ಬೆರಳಿನ ಜೊತೆ ಹೋಗ್ತಿದೆ. ಮೂಳೆ ಅಲ್ಲೇ ಇದೆ.’

‘ಅಷ್ಟೇ ಕಣೋ ಗುಳ್ಳೆಯ ಕಥೆ. ಶೂವಿನೊಳಗೆ ಇದೇ ಉಲ್ಟಾ ನಡೆಯುತ್ತೆ. ಅಲ್ಲಿ ಶೂ ಮತ್ತು ಸಾಕ್ಸು ಸೇರಿ ಚರ್ಮವನ್ನು ಹಿಡಿದುಕೊಳ್ಳುತ್ತವೆ, ಹೆಜ್ಜೆಗೊಮ್ಮೆ ಒಳಗಿನ ಮೂಳೆ ಸರಿಯುತ್ತೆ. ನಡುವೆ ಸಿಕ್ಕಿಕೊಂಡ ಚರ್ಮದ ಪದರಗಳು ಸಾವಿರಾರು ಸಲ ಹಿಂಜಿ ಹಿಂಜಿ ಕೊನೆಗೆ ಒಳಗೇ ಬಿಟ್ಟುಕೊಳ್ಳುತ್ತವೆ. ಆ ಸಂದಿಗೆ ನೀರು ಬಂದು ತುಂಬುತ್ತೆ.’

ಎಲ್ಲರೂ ತಿಳಿದಿರುವಂತೆ ಮೇಲಿಂದ ಉಜ್ಜಿ ಉಜ್ಜಿ ಆಗುವ ಗಾಯ ಇದಲ್ಲ. ಹಾಗೆ ಉಜ್ಜಿದರೆ ತೆಳು ಚರ್ಮ ಸುಲಿದು ಹೋಗುತ್ತದೆ, ಗುಳ್ಳೆ ಏಳುವುದಿಲ್ಲ. ಗುಳ್ಳೆ ಬೇಕಾದರೆ ಮೇಲ್ಪದರ ಗಟ್ಟಿಯಾಗಿರಬೇಕು. ಅದಕ್ಕೇ ಅದು ಹಿಮ್ಮಡಿ, ಅಂಗಾಲು, ಅಂಗೈಗಳನ್ನೇ ಹುಡುಕಿಕೊಂಡು ಬರುತ್ತದೆ. ಇಷ್ಟು ಗೊತ್ತಾದರೆ ಮಾಡಬೇಕಾದ್ದು ಎರಡೇ. ಮೂಳೆಯ ಓಡಾಟ ಕಡಿಮೆ ಮಾಡು. ಉಳಿದ ಓಡಾಟ ಚರ್ಮದೊಳಗೆ ಆಗದೆ ಬೇರೆಲ್ಲಾದರೂ ಆಗುವಂತೆ ನೋಡಿಕೋ.

ಮೊದಲನೆಯದು ಶೂವಿನ ಕೆಲಸ. ಹೊಸ ಶೂವಿನ ಅಟ್ಟೆ ಬಾಗುವುದಿಲ್ಲ. ಕಾಲು ಬೆರಳ ಬುಡದಲ್ಲಿ ಮಡಿಚಿಕೊಂಡು ಹಿಮ್ಮಡಿ ಎತ್ತಿದರೆ, ಅಟ್ಟೆ ‘ನಾನು ಬರಲ್ಲ’ ಎನ್ನುತ್ತದೆ. ಹಿಮ್ಮಡಿ ಮಾತ್ರ ಶೂವಿನೊಳಗೆ ಮೇಲೇಳುತ್ತದೆ, ಮತ್ತೆ ಇಳಿಯುತ್ತದೆ. ಹಿಂಭಾಗದಲ್ಲಿ ಶೂ ಆಕಾರ ಕೆಡದಿರಲೆಂದು ಗಟ್ಟಿ ಪಟ್ಟಿಯೊಂದನ್ನು ಚರ್ಮದ ನಡುವೆ ಕೂರಿಸಿರುತ್ತಾರೆ. ಅದು ಹಿಮ್ಮಡಿಯ ಚರ್ಮವನ್ನು ಹಿಡಿದುಕೊಂಡಿರುತ್ತದೆ. ಹಾಗಾಗಿ ಕಚ್ಚುವುದು ಹಿಂದೆಯಾದರೂ ತಪ್ಪಿರುವುದು ಮುಂದೆ, ಬಾಗದ ಅಟ್ಟೆಯಲ್ಲಿ. ಅಜ್ಜಿಯ ಕೊಬ್ಬರಿ ಎಣ್ಣೆ ಆ ಗಟ್ಟಿ ಪಟ್ಟಿಯನ್ನೂ ಮೆತ್ತಗೆ ಮಾಡಲಾರದು, ಅಟ್ಟೆಯನ್ನೂ ಬಾಗಿಸಲಾರದು. ಪಾಲಿಶ್ ಕೂರದ ಹಾಗೆ ಮಾಡಿ, ಸಾಕ್ಸಿಗೆ ಕಲೆ ಹತ್ತಿಸುವುದರಲ್ಲಿ ಮಾತ್ರ ನಿಸ್ಸೀಮ. ಹೇರ್ ಡ್ರೈಯರ್‌ನ ಬಿಸಿಗೆ ಚರ್ಮದಲ್ಲಿರುವ ಜಿಡ್ಡು ಒಣಗಿ ಬಿರುಕು ಬಿಡಬಹುದು, ಅಂಟು ಸಡಿಲವಾಗಬಹುದು. ಫ್ರೀಜರ್ ವಿಚಾರ ಅಕ್ಕ ಆಗಲೇ ತೀರ್ಮಾನಿಸಿದ್ದಾಳೆ.

ಅಟ್ಟೆಯನ್ನು ಬಾಗಿಸುವ ದಾರಿ ನಡೆಯುವುದೊಂದೇ, ಅದೂ ಸ್ವಲ್ಪ ಸ್ವಲ್ಪವೇ. ಅವನಿಗೆ ಹೇಳಿದೆ: ‘ಮೊದಲ ದಿನ ಸಂಜೆ ಮನೆಯೊಳಗೇ ಅರ್ಧ ಗಂಟೆ. ಸಂಜೆ ಯಾಕೆಂದರೆ ಕಾಲು ದಿನವೆಲ್ಲ ಓಡಾಡಿ ಊದಿಕೊಂಡಿರುತ್ತೆ, ನಿನ್ನ ಆರತಕ್ಷತೆಯೂ ಸಂಜೆಯೇ. ಸುಮ್ಮನೆ ಸೋಫಾದಲ್ಲಿ ಕೂತು ಮೊಬೈಲ್ ನೋಡಿದರೆ ಲೆಕ್ಕಕ್ಕಿಲ್ಲ, ಮೆಟ್ಟಿಲು ಹತ್ತಿ ಇಳಿ. ಮರುದಿನ ರಜೆ. ನಿನಗಲ್ಲ, ಶೂವಿಗೆ, ಹೀರಿದ ಬೆವರು ಆರಬೇಕು. ಮೂರನೇ ದಿನ ಒಂದು ಗಂಟೆ, ಮತ್ತೆ ರಜೆ. ಎರಡನೇ ವಾರಕ್ಕೆ ಎರಡು ಗಂಟೆ ಹೊರಗೆ ಹೋಗಿ ಬಾ. ಮೂರನೇ ವಾರ ಒಂದು ದಿನ ಅರ್ಧ ದಿನ ಆಫೀಸಿಗೆ ಹಾಕು, ಹಳೇ ಶೂ ಬ್ಯಾಗಿನಲ್ಲಿರಲಿ.’

‘ಅಷ್ಟರಲ್ಲಿ ಮುಂಭಾಗ ಸುಕ್ಕು ಬೀಳಲ್ವಾ ಮಾವ?’

‘ಬೀಳುತ್ತೆ. ಆ ಸುಕ್ಕು ಬಿದ್ದರೇ ಶೂ ಎಲ್ಲಿ ಬಾಗಬೇಕೋ ಅಲ್ಲಿ ಬಾಗೋದು ಕಲಿತಿದೆ ಅಂತ ಅರ್ಥ. ಫೋಟೋಗ್ರಾಫರ್ ನಿನ್ನ ಬೆರಳ ತುದಿ ಜೂಮ್ ಮಾಡಲ್ಲ, ಬಿಡು.’

ಇನ್ನು ಲೇಸಿನ ವಿಚಾರ. ಕಚ್ಚಿದ ಕೂಡಲೇ ಲೇಸು ಸಡಿಲ ಮಾಡುವವರೇ ಹೆಚ್ಚು. ಕಾಲಿಗೆ ಉಸಿರಾಡಲು ಜಾಗ ಕೊಟ್ಟೆವೆಂಬ ಪುಣ್ಯ ಸಿಗುತ್ತದೆ, ಹಿಮ್ಮಡಿಗೆ ಏರಿಳಿಯಲು ಇನ್ನಷ್ಟು ಜಾಗವೂ ಸಿಗುತ್ತದೆ. ಮಾಡಬೇಕಾದ್ದು ಇದಕ್ಕೆ ತದ್ವಿರುದ್ಧ. ಕೂತುಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಶೂವಿನ ಹಿಂಗೋಡೆಗೆ ಒತ್ತಿಕೊಂಡು, ಮೇಲಿನ ಎರಡು ಜೊತೆ ತೂತುಗಳ ಲೇಸನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಕೆಳಗಿನದು ಸಡಿಲವಿದ್ದರೆ ಅಡ್ಡಿಯಿಲ್ಲ.

ಇದೆಲ್ಲ ಶೂ ಅಳತೆಗೆ ಸರಿಯಿದ್ದರೆ ಮಾತ್ರ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಇರಬೇಕು. ಅಗಲ ಸ್ವಲ್ಪ ಬಿಗಿಯಿದ್ದರೆ ಚರ್ಮ ಹಿಗ್ಗಿ ಕೊಡುತ್ತದೆ, ಚಮ್ಮಾರರ ಬಳಿ ಮರದ ಅಚ್ಚು ಹಾಕಿಸಿ ಒಂದೆರಡು ಕಡೆ ಸಡಿಲ ಮಾಡಿಸಲೂಬಹುದು. ಉದ್ದ ಮಾತ್ರ ಒಂದು ಎಳೆಯಷ್ಟೂ ಬೆಳೆಯುವುದಿಲ್ಲ. ಬೆರಳು ತುದಿಗೆ ತಾಗುತ್ತಿದ್ದರೆ ಬಿಲ್ಲು ಹುಡುಕಿ ಅಂಗಡಿಗೆ ಹೋಗಬೇಕು. ಅದಕ್ಕೇ ಮೊದಲ ದಿನಗಳಲ್ಲಿ ಮನೆಯೊಳಗೇ ನಡೆಯುವುದು ಒಳ್ಳೆಯದು. ಅಟ್ಟೆಗೆ ರಸ್ತೆಯ ಗುರುತು ಬಿದ್ದರೆ ಅಂಗಡಿಯವನ ಮುಖದಲ್ಲೂ ಸುಕ್ಕು ಬೀಳುತ್ತದೆ.

ಈಗ ಸಾಕ್ಸು. ‘ಪ್ಯೂರ್ ಕಾಟನ್ ಇದೆ ಮಾವ’ ಎಂದು ಎದೆಯುಬ್ಬಿಸಿ ಹೇಳಿದ. ನಮ್ಮ ದೇಶದಲ್ಲಿ ಹತ್ತಿಯ ಮೇಲೆ ಮಾತಾಡುವುದು ಅಪಾಯ. ಖಾದಿಯಿಂದ ಹಿಡಿದು ಬನಿಯನ್‌ವರೆಗೆ ಎಲ್ಲರ ಭಕ್ತಿ ಅದರ ಮೇಲೆ. ಬನಿಯನ್ನಿಗೆ ಸರಿ, ಅದಕ್ಕೆ ಗಾಳಿ ಸಿಗುತ್ತದೆ. ಮುಚ್ಚಿದ ಶೂವಿನೊಳಗೆ ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಂಡು ಕೂತಿರುತ್ತದೆ, ಬೇಗ ಆರುವುದಿಲ್ಲ. ತೇವಗೊಂಡ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಅಂಟಿ ಹಿಡಿಯುತ್ತದೆ. ಅಂಟಿ ಹಿಡಿದರೆ ಏನಾಗುತ್ತದೆಂದು ಮುಂಗೈ ಮೇಲೆ ನೋಡಿದೆವಲ್ಲ. ಅಮೆರಿಕದಲ್ಲಿ ದೂರ ಓಡುವವರಿಗೆ ಅಕ್ರಿಲಿಕ್ ಮತ್ತು ಹತ್ತಿ ಸಾಕ್ಸು ಕೊಟ್ಟು ಹೋಲಿಸಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅಕ್ರಿಲಿಕ್ ಹಾಕಿದವರಿಗೆ ಗುಳ್ಳೆಗಳು ಕಡಿಮೆ, ಇದ್ದವೂ ಚಿಕ್ಕವು. ಆದರೆ ಅದೇ ಸಂಶೋಧಕರು ಆಮೇಲೆ ಒತ್ತಾದ ಮೆತ್ತೆಯ ಹೆಣಿಗೆಯಿಲ್ಲದ ಸಾಮಾನ್ಯ ಸಾಕ್ಸುಗಳಲ್ಲಿ ಹೋಲಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ನೂಲು ಯಾವುದು ಎನ್ನುವುದರ ಜೊತೆಗೆ ಹೆಣೆದದ್ದು ಹೇಗೆ ಎನ್ನುವುದೂ ಮುಖ್ಯ.

ಉಣ್ಣೆ ಎಂದರೆ ನಮ್ಮವರಿಗೆ ಕುಲು-ಮನಾಲಿ ಪ್ರವಾಸ ನೆನಪಾಗುತ್ತದೆ. ಆದರೆ ಮೆರಿನೋ ಎಂಬ ನಯವಾದ ಉಣ್ಣೆಯ ತೆಳು ಸಾಕ್ಸು ಬೆಂಗಳೂರಿಗೂ ಆಗುತ್ತದೆ. ಅದು ತನ್ನ ತೂಕದ ಸುಮಾರು 30% ತೇವವನ್ನು ಎಳೆಯೊಳಗೆ ಸೇರಿಸಿಕೊಂಡರೂ ಮೇಲೆ ಒದ್ದೆ ಎನಿಸುವುದಿಲ್ಲ. ಬರೀ ಮೆರಿನೋ ಆದರೆ ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ, ಹಾಗಾಗಿ ನೈಲಾನ್ ಬೆರೆತದ್ದೇ ಮೇಲು. ನೈಲಾನ್, ಪಾಲಿಯೆಸ್ಟರ್‌ಗಳು ಹೆಚ್ಚು ನೀರು ಕುಡಿಯುವುದಿಲ್ಲ, ನಯವಾಗಿ ಜಾರುತ್ತವೆ, ಬೇಗ ಆರುತ್ತವೆ. ವಾಸನೆಯ ವಿಷಯದಲ್ಲಿ ಮಾತ್ರ ಮನೆಯವರ ಅನುಮತಿ ಪಡೆಯಬೇಕು.

ಇನ್ನೂ ಜಾಣತನದ ದಾರಿ ಎರಡು ಸಾಕ್ಸು. ಒಳಗೊಂದು ತೆಳು ಪಾಲಿಯೆಸ್ಟರ್ ಅಥವಾ ನೈಲಾನ್, ಮೇಲೊಂದು ಉಣ್ಣೆ ಮಿಶ್ರಣದ್ದು. ಮೂಳೆ ಸರಿದಾಗ ಎರಡು ಸಾಕ್ಸು ಒಂದರ ಮೇಲೊಂದು ಜಾರಿಕೊಳ್ಳುತ್ತವೆ, ಚರ್ಮದ ಪದರಗಳು ಜಾರಬೇಕಾಗಿಲ್ಲ. ಅಮೆರಿಕದ ಪ್ಯಾರಿಸ್ ಐಲೆಂಡ್‌ನಲ್ಲಿ ತರಬೇತಿಗೆ ಬಂದ ಮರೀನ್ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳಗೆ ಪಾಲಿಯೆಸ್ಟರ್ ತೆಳು ಸಾಕ್ಸು ಹಾಕಿದವರಲ್ಲಿ ಕಾಲಿಗಾಗಿ ವೈದ್ಯರ ಬಳಿ ಹೋಗಬೇಕಾದವರು ಕಡಿಮೆಯಾದರು. ಅದರ ಮೇಲೆ ಉಣ್ಣೆ-ಪಾಲಿಪ್ರೊಪಿಲೀನ್‌ನ ದಪ್ಪ ಸಾಕ್ಸೂ ಇದ್ದಾಗ ಗುಳ್ಳೆಗಳೇ ಕಡಿಮೆಯಾದವು. ಮದುಮಗನ ಶೂ ಸೈನಿಕನ ಬೂಟಲ್ಲ, ದಪ್ಪದ್ದು ಹಾಕಿದರೆ ಬೆರಳು ಹಿಸುಕುತ್ತದೆ. ಎರಡೂ ತೆಳುವಾಗಿರಲಿ, ಮೊದಲ ಅರ್ಧ ಗಂಟೆಯಿಂದಲೇ ಅದೇ ಜೋಡಿ ಹಾಕಿಕೊಂಡು ನಡೆಯಲಿ. ಮನೆಯಲ್ಲಿ ಒಂದು ಸಾಕ್ಸು, ವೇದಿಕೆಯಲ್ಲಿ ಎರಡು ಎಂದರೆ ಶೂ ಹೊಸದಾಗಿ ಜಗಳ ತೆಗೆಯುತ್ತದೆ.

ಇಷ್ಟಾದರೂ ನಡುವೆ ಒಂದು ಜಾಗ ಬಿಸಿಯಾಗಿ ಚುರುಚುರು ಎಂದರೆ ಅದು ಗುಳ್ಳೆಯ ಮೊದಲ ಪತ್ರ. ‘ಇನ್ನೊಂದು ಹತ್ತು ನಿಮಿಷ ತಡೆಯೋಣ’ ಎನ್ನುವ ವೀರರಿಗೇ ಎರಡನೇ ಪತ್ರವೂ ಬರುವುದು. ಶೂ ಬಿಚ್ಚಿ ನೋಡಿದರೆ ಅಲ್ಲಿ ಕೆಂಪಗಿರುತ್ತದೆ. ಕಾಲು ಒರೆಸಿ ಆರಿಸಿ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಪೇಪರ್ ಟೇಪನ್ನು ಮೂಲೆಗಳನ್ನು ದುಂಡಗೆ ಕತ್ತರಿಸಿ, ಸುಕ್ಕಿಲ್ಲದೆ ಅಂಟಿಸಬೇಕು. ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ಜಾಗ ಗೊತ್ತಾದ ಮೇಲೆ ಮುಂದಿನ ಸಲ ಶೂ ಹಾಕುವ ಮುಂಚೆಯೇ ಟೇಪು. ವ್ಯಾಸಲಿನ್ ಹಚ್ಚುವವರಿದ್ದಾರೆ, ಮೊದಲಲ್ಲಿ ಚೆನ್ನಾಗಿ ಜಾರುತ್ತದೆ, ಕೆಲವು ಗಂಟೆ ಕಳೆದ ಮೇಲೆ ಚರ್ಮ ಮೊದಲಿಗಿಂತಲೂ ಹೆಚ್ಚು ಹಿಡಿಯತೊಡಗಬಹುದು. ಅಷ್ಟರಲ್ಲಿ ವೇದಿಕೆಯ ಮುಂದೆ ಸಾಲು ಇನ್ನೂ ಅರ್ಧವೂ ಕರಗಿರುವುದಿಲ್ಲ. ಅಂದ ಹಾಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದ ಹಿರಿಯರಿಗೆ ಈ ಚುರುಚುರು ತಿಳಿಯುವುದೇ ಇಲ್ಲ. ಅವರು ಬಿಗಿ ಶೂವನ್ನು ಪಳಗಿಸುವ ಸಾಹಸಕ್ಕೆ ಇಳಿಯದೆ, ಮೊದಲ ದಿನದಿಂದಲೇ ಮೆತ್ತಗಿರುವುದನ್ನೇ ಕೊಳ್ಳಬೇಕು.

ಎಲ್ಲ ಕೇಳಿಸಿಕೊಂಡ ಹುಡುಗ ತಲೆ ಕೆರೆದುಕೊಂಡ. ‘ಮಾವ, ಹುಡುಗಿಯ ಅಪ್ಪ ನನಗೇ ಅಂತ ಬ್ಯಾಂಬೂ ಸಾಕ್ಸು ಕೊಡಿಸಿದ್ದಾರೆ. ತುಂಬಾ ನೈಸಾಗಿದೆ. ಅದನ್ನ ಏನು ಮಾಡ್ಲಿ?’

ಲೇಬಲ್ ತಿರುಗಿಸಿ ನೋಡಿದೆ. ಅಂದುಕೊಂಡಂತೆಯೇ ವಿಸ್ಕೋಸ್. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು. ಮುಟ್ಟಲು ರೇಷ್ಮೆ, ಬೆವರಿನ ವಿಷಯದಲ್ಲಿ ಹತ್ತಿಯ ದಾಯಾದಿ.

‘ಆರತಕ್ಷತೆಗೆ ಬೇಡ. ಮದುವೆ ಆದಮೇಲೆ ಮಾವನ ಮನೆಗೆ ಊಟಕ್ಕೆ ಕರೀತಾರಲ್ಲ, ಆವತ್ತು ಹಾಕ್ಕೊ. ಬಾಗಿಲಲ್ಲೇ ಶೂ ಬಿಡ್ತೀಯ, ಸಾಕ್ಸು ಅವರ ಕಣ್ಣಿಗೂ ಬೀಳುತ್ತೆ.’