ಜೋಯಿಸರ ಬರೆಹದ ಫಲ

ನಮ್ಮ ಬೀದಿಯ ಜೋಯಿಸರು ಬಾಯಲ್ಲಿ ಫಲ ಹೇಳುವುದಿಲ್ಲ, ಬರೆದುಕೊಡುತ್ತಾರೆ. ಬಾಯಿಮಾತನ್ನು ಹೆಣ್ಣಿನ ಅಪ್ಪ ಒಂದು ರೀತಿ, ಗಂಡಿನ ಅಮ್ಮ ಇನ್ನೊಂದು ರೀತಿ ಕೇಳಿಸಿಕೊಳ್ಳುತ್ತಾರಂತೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಕಾಗದದ ಎದುರು ಆ ಆಟ ನಡೆಯುವುದಿಲ್ಲ.

ಮೊನ್ನೆ ಒಂದು ಜೋಡಿ ಬಂತು. ಹುಡುಗಿಯ ಎಂ.ಎಸ್ಸಿ., ಹುಡುಗನ ಕಾನೂನು ಪದವಿ, ಎರಡೂ ಅರ್ಧದಲ್ಲಿ. ಗುಣ ಮೂವತ್ತಾರಕ್ಕೆ ಇಪ್ಪತ್ತಾರು ಕೂಡಿವೆ. ಹದಿನೆಂಟಾದರೂ ಸಾಕು ಅನ್ನುವವರಿಗೆ ಇದು ಫಸ್ಟ್ ಕ್ಲಾಸು. ತಕರಾರು ಇಷ್ಟೇ: ಹುಡುಗಿಗೆ ಗುರುಬಲ ಬಂದಿದೆ, ಈ ವರ್ಷವೇ ಮುಗಿಸಿಬಿಡೋಣ ಎಂದು ಹಿರಿಯರು. ಓದು ಮುಗಿಯಲಿ ಎಂದು ಇವರು.

ಜೋಯಿಸರು ಪಂಚಾಂಗ ತೆಗೆಯಲಿಲ್ಲ. "ಕೊನೇ ಪರೀಕ್ಷೆ ಯಾವಾಗಮ್ಮ?" ಅಂದರು.

"ಇನ್ನು ಎರಡು ವರ್ಷಕ್ಕೆ, ಜೋಯಿಸರೇ. ಇಬ್ಬರದೂ."

ಆಮೇಲೆ ಕನ್ನಡಕ ಏರಿಸಿ ಪಂಚಾಂಗ ಬಿಚ್ಚಿದರು. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ಜನ್ಮರಾಶಿಯಿಂದ ಎರಡು, ಐದು, ಏಳು, ಒಂಬತ್ತು, ಹನ್ನೊಂದರಲ್ಲಿದ್ದರೆ ಗುರುಬಲ. ಹುಡುಗಿಯದು ವೃಶ್ಚಿಕ, ಗುರು ಕರ್ಕಾಟಕದಲ್ಲಿ, ಅಂದರೆ ಒಂಬತ್ತು. ಹಿರಿಯರ ಲೆಕ್ಕ ಸರಿಯೇ. ಅದನ್ನು ತಪ್ಪು ಅನ್ನುವ ದಡ್ಡರಲ್ಲ ನಮ್ಮ ಜೋಯಿಸರು. ಹೀಗೆ ಬರೆದರು:

"ಒಂಬತ್ತು ಭಾಗ್ಯಸ್ಥಾನ. ಈ ಬಲವನ್ನು ವಿದ್ಯೆಗೆ ವಿನಿಯೋಗಿಸತಕ್ಕದ್ದು. ಮುಂದಿನ ವರ್ಷ ಗುರು ಸಿಂಹಕ್ಕೆ, ಹತ್ತನೆಯದು, ಬಲವಿಲ್ಲ. ವಿವಾಹ ಪ್ರಸ್ತಾಪ ಕೂಡದು. ಅದರ ಮುಂದಿನ ವರ್ಷ ಕನ್ಯೆಗೆ, ಹನ್ನೊಂದು, ಲಾಭಸ್ಥಾನ. ಇಬ್ಬರಿಗೂ ಸಂಪಾದನೆಯ ಯೋಗವುಂಟು. ವರನಿಗೆ ರವಿಬಲ ನೋಡತಕ್ಕದ್ದು. ಕನ್ಯಾ ರಾಶಿಗೆ ಕುಂಭದ ರವಿ ಆರನೆಯವನು, ಶುಭ. ಫೆಬ್ರವರಿ–ಮಾರ್ಚ್ ನಡುವೆ ಲಗ್ನ ಇಡಬಹುದು."

ಹುಡುಗ ಹಿಗ್ಗಿ, "ಹಾಗಾದ್ರೆ ಆಮೇಲೂ ಒಂದೆರಡು ವರ್ಷ ಪ್ರಾಕ್ಟೀಸ್ ಮಾಡ್ಕೊಂಡು..." ಅಂದ. ಜೋಯಿಸರ ಪೆನ್ನು ಮತ್ತೆ ಕೆಳಗಿಳಿಯಿತು: "ಈ ಕಾಲ ಮೀರಿದಲ್ಲಿ ಗುರು ಹನ್ನೆರಡಕ್ಕೆ, ತರುವಾಯ ಜನ್ಮಕ್ಕೆ. ಎರಡೂ ವರ್ಜ್ಯ." ಹುಡುಗಿ ಅವನ ಮುಖ ನೋಡಿದಳು. ಅವನು ಬಾಯಿ ಮುಚ್ಚಿದ.

ಮಕ್ಕಳೇ ಬಾಯಿಬಿಟ್ಟು ಹೇಳಿದ್ದರೆ ಅದು ಉದ್ಧಟತನವಾಗುತ್ತಿತ್ತು. ಅದೇ ಮಾತು ಗುರು ಹೇಳಿದ್ದಕ್ಕೆ ಎರಡೂ ಮನೆಯವರು ಕಾಗದವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟರು. ಗ್ರಹಗಳ ವಿಷಯ ನನಗೆ ಗೊತ್ತಿಲ್ಲ. ಅಪ್ಪಂದಿರ ವಿಷಯದಲ್ಲಿ ಜೋಯಿಸರು ಪಂಡಿತರು.

ನೀವೂ ಹೋಗುವುದಾದರೆ ಬೆಳಗ್ಗೆ ಹತ್ತರೊಳಗೆ ಹೋಗಿ. ಜಾತಕದ ಜೊತೆ ಪರೀಕ್ಷೆಯ ಟೈಮ್‌ಟೇಬಲ್ಲನ್ನೂ ಮರೆಯದೆ ಒಯ್ಯಿರಿ.